ಡಾಲರ್ ಚಾರ್ಟು 88ರ ಹತ್ತಿರ ಹೋಗಿ ತಿರುಗಿದ್ಯಾಕೆ?

"ಅಣ್ಣ, ಡಾಲರ್ ಚಾರ್ಟು ನೋಡ್ತಿದ್ದೆ. 88ರ ಹತ್ರ ಹೋಗಿ ಒಂದೇ ದಿನದಲ್ಲಿ ಧಡಾರ್ ಅಂತ ತಿರುಗಿದೆ. ತೈಲ ಕಂಪನಿಗಳು ದಿನಾ ಡಾಲರ್ ಕೊಳ್ತಾನೇ ಇರ್ತಾವಲ್ಲ, ಮತ್ತೆ ಹೀಗ್ಯಾಕೆ?"

ನೀವು ನೋಡಿದ್ದು 2025ರ ಫೆಬ್ರವರಿ ಚಾರ್ಟು ಅಲ್ವಾ? 10ನೇ ತಾರೀಕು ಸೋಮವಾರ ಒಂದು ಡಾಲರಿಗೆ 87.95 ರೂಪಾಯಿ ಹತ್ತಿರ ಹೋಯ್ತು. ಮರುದಿನ ಮಾರುಕಟ್ಟೆ ಮುಚ್ಚುವಾಗ 86.83ರ ಆಸುಪಾಸು. ಹೊಸಬರು ಒಂದು ನೆನಪಿಟ್ಟುಕೊಳ್ಳಿ: ಈ ಚಾರ್ಟಲ್ಲಿ ಗೆರೆ ಮೇಲೆ ಹೋದರೆ ರೂಪಾಯಿ ಬಿದ್ದಿದೆ ಅಂತ.

ರಿಸರ್ವ್ ಬ್ಯಾಂಕ್ 88ಕ್ಕೆ ಬೇಲಿ ಹಾಕಿತ್ತು ಅಂತ ಇದೇ ಪ್ರಶ್ನೆಗೆ ಮಧುಗಿರಿ ಅಣ್ಣ ಬರೆದಿದ್ದಾರೆ. ಅರ್ಧ ಸರಿ. ಅವತ್ತು ಸರ್ಕಾರಿ ಬ್ಯಾಂಕುಗಳ ಮೂಲಕ ರಿಸರ್ವ್ ಬ್ಯಾಂಕ್ ಡಾಲರ್ ಮಾರಿದ್ದು ನಿಜ. ಆದರೆ ಬರೀ ಅದರಿಂದಲೇ ಒಂದು ರೂಪಾಯಿಗಿಂತ ಜಾಸ್ತಿ ತಿರುಗಿತು ಅಂತ ನನಗೆ ಅನ್ನಿಸಲ್ಲ. ಮಿಕ್ಕಿದ್ದನ್ನು ಮಾಡಿದ್ದು ಮೊದಲೇ ಅಲ್ಲಿ ಕೂತಿದ್ದ ಆರ್ಡರುಗಳು.

ನಾನು ಮಿಡಿಸೌತೆ ರಫ್ತು ಘಟಕವೊಂದರಲ್ಲಿ ಲೆಕ್ಕ ನೋಡ್ತೀನಿ. ಡಾಲರ್ ಏರ್ತಿದ್ದಾಗ ರಫ್ತು ಮಾಡುವವರಲ್ಲಿ ಬಹಳ ಜನ ಬ್ಯಾಂಕಿಗೆ ಏನು ಹೇಳ್ತಾರೆ? "88 ಬಂದರೆ ಮಾರಿಬಿಡಿ." 87.93 ಅಂತ ಹೇಳೋರು ಕಮ್ಮಿ. ಹಾಗಾಗಿ 88ರ ಹತ್ತಿರ ಮಾರುವವರು ಗುಂಪಾಗಿರ್ತಾರೆ. ಆಮದು ಮಾಡುವವರದ್ದು ಉಲ್ಟಾ: "88 ದಾಟಿದರೆ ಕಾಯಬೇಡಿ, ಕೊಂಡುಬಿಡಿ" ಅಂತ ಇನ್ನೊಂದಿಷ್ಟು ಆರ್ಡರ್ 88ರ ಸ್ವಲ್ಪ ಮೇಲೆ ಕಾದಿರುತ್ತೆ. ಇವರ ಮಧ್ಯೆ, ಡಾಲರ್ ಇನ್ನೂ ಏರುತ್ತೆ ಅಂತ ಕೊಂಡಿಟ್ಟವರು. ಮೇಲಿನ ಆರ್ಡರುಗಳಿಗೆ ದರ ತಾಗುವ ಮೊದಲೇ ಯಾರಾದರೂ ಜೋರಾಗಿ ಮಾರಿದರೆ ಈ ಕೊಂಡಿಟ್ಟವರು ಹೆದರಿ ಒಟ್ಟಿಗೇ ಮಾರ್ತಾರೆ. ಆಗಲೇ ಗೆರೆ ನೇರ ಕೆಳಗೆ ಬರೋದು.

ಈಗ ತೈಲ ಕಂಪನಿಗಳು. ನಮ್ಮ ಕಚ್ಚಾ ತೈಲದಲ್ಲಿ 85%ಗಿಂತ ಜಾಸ್ತಿ ಹೊರಗಿಂದ ಬರೋದು, ಆದ್ದರಿಂದ ಆ ಬೇಡಿಕೆ ನಿಲ್ಲಲ್ಲ. ಆದರೆ ಇವತ್ತೇ ಕೊಳ್ಳಬೇಕಾ, ನಾಡಿದ್ದು ಕೊಂಡರೆ ನಡೆಯುತ್ತಾ ಅನ್ನೋದರಲ್ಲಿ ಸ್ವಲ್ಪ ಜಾಗ ಇದೆ. ದರ ಏರ್ತಿದ್ದರೆ ನಾಳೆಯದ್ದನ್ನೂ ಇವತ್ತೇ ಕೊಳ್ಳೋ ಅವಸರ. ಇಳಿಯೋಕೆ ಶುರುವಾದರೆ ಇನ್ನೂ ಇಳಿಯಲಿ ಅಂತ ಎಲ್ಲ ಕೊಳ್ಳುವವರೂ ಒಂದೆರಡು ದಿನ ಕೈ ಕಟ್ಟಿ ಕೂರ್ತಾರೆ. ತಡೆಯಬೇಕಾದ ಕೊಳ್ಳುವವರೇ ಇಲ್ಲದಾಗ ಇಳಿತ ಜೋರಾಗುತ್ತೆ. ಟೊಮೆಟೊ ರೇಟು ಇಳಿಯುವ ದಿನ ಕೋಲಾರ ಮಂಡಿಯಲ್ಲಿ ಹೊರಗಿನ ವ್ಯಾಪಾರಿಗಳು ಬಾಕ್ಸ್ ಮುಟ್ಟದೆ ಸುಮ್ನೆ ಓಡಾಡ್ತಾರಲ್ಲ, ಹಾಗೆ.

ಇದಕ್ಕೆ ಒಳ್ಳೆ ಸಾಕ್ಷಿ 2013. ಆಗಸ್ಟ್ 28ರಂದು ರೂಪಾಯಿ 68.85ರ ಹತ್ತಿರ ಬಿತ್ತು. ಸಿರಿಯಾ ಯುದ್ಧದ ಭಯಕ್ಕೆ ತೈಲವೂ ಏರಿತ್ತು, ಎಲ್ಲರ ಬಾಯಲ್ಲೂ 70ರ ಮಾತು. ಅವತ್ತು ಸಂಜೆ ರಿಸರ್ವ್ ಬ್ಯಾಂಕ್ ಇಂಡಿಯನ್ ಆಯಿಲ್, ಬಿಪಿಸಿಎಲ್, ಎಚ್‌ಪಿಸಿಎಲ್ ಮೂರಕ್ಕೂ ಡಾಲರ್ ನಾವೇ ಕೊಡ್ತೀವಿ, ಆಮೇಲೆ ಡಾಲರಿನಲ್ಲೇ ವಾಪಸ್ ಕೊಡಿ ಅಂತ ಬೇರೆ ಕಿಟಕಿ ತೆರೆಯಿತು. ದಿನದ ದೊಡ್ಡ ಗಿರಾಕಿ ಪೇಟೆಯಿಂದಲೇ ಹೊರಗೆ. ಮರುದಿನ ದರ 66.55ರ ಸುತ್ತ ಬಂತು. ಗಮನಿಸಿ, ತೈಲದ ಬೇಡಿಕೆ ಒಂದು ಪೀಪಾಯಿಯಷ್ಟೂ ಕಡಿಮೆಯಾಗಿರಲಿಲ್ಲ, ಡಾಲರ್ ಕೊಳ್ಳೋದು ಮುಂದಕ್ಕೆ ಹೋಯ್ತು ಅಷ್ಟೇ. 70 ದಾಟಿದ್ದು 2018ರ ಆಗಸ್ಟಿನಲ್ಲಿ.

ಹಾಗಂತ ದುಂಡು ಅಂಕಿ ಬಂದಾಗಲೆಲ್ಲ ತಿರುಗುತ್ತೆ ಅಂದುಕೊಳ್ಳಬೇಡಿ. 2025ರ ಅಕ್ಟೋಬರ್-ನವೆಂಬರ್‌ನಲ್ಲಿ 88.80ರ ಹತ್ತಿರ ಮತ್ತೆ ಮತ್ತೆ ತಡೆ ಬಿತ್ತು. ಅದು ದುಂಡು ಅಂಕಿಯೂ ಅಲ್ಲ, ಆದರೂ ಎಲ್ಲರ ಕಣ್ಣು ಅಲ್ಲೇ. ನವೆಂಬರ್ 21ಕ್ಕೆ ಒಡೀತು, ಅದೇ ದಿನ 89.40 ದಾಟಿತು. ಮೇಲೆ ಕಾದಿದ್ದ ಕೊಳ್ಳುವ ಆರ್ಡರುಗಳೆಲ್ಲ ಒಟ್ಟಿಗೆ ಎದ್ದವು. ನಾನು ನೋಡೋದು ಒಂದೇ: ತಡೆ ಬಿದ್ದ ಮೇಲೆ ಎಷ್ಟು ಹಿಂದೆ ಬರುತ್ತೆ? ಫೆಬ್ರವರಿ ಥರ ದೂರ ಬಂದರೆ ಕೊಂಡಿಟ್ಟವರು ಬಿಟ್ಟು ಓಡಿದ್ದಾರೆ. ಹತ್ತಿಪ್ಪತ್ತು ಪೈಸೆ ಇಳಿದು ಮತ್ತೆ ಅಲ್ಲೇ ಒತ್ತಿಕೊಂಡು ನಿಂತರೆ ಒತ್ತಡ ಹೋಗಿಲ್ಲ. ಇದೂ ಗ್ಯಾರಂಟಿ ಲೆಕ್ಕ ಅಲ್ಲ.

ರಿಸರ್ವ್ ಬ್ಯಾಂಕ್ ತಾನು ಯಾವ ಅಂಕಿಯನ್ನೂ ಕಾಯಲ್ಲ, ಏರಿಳಿತದ ಅಬ್ಬರ ತಡೀತೀವಿ ಅಷ್ಟೇ ಅನ್ನುತ್ತೆ. ಮಧುಗಿರಿ ಅಣ್ಣ ಒಪ್ಪಲ್ಲ ಅಂತ ಗೊತ್ತು, ನನಗೂ ಪೂರ್ತಿ ನಂಬಿಕೆ ಇಲ್ಲ.

ಕುಣಿಗಲ್ ಅಕ್ಕ, ಮಗಳ ಕಾಲೇಜ್ ಫೀಸನ್ನು ಡಾಲರ್ ಮುಂದಿನ ದುಂಡು ಅಂಕಿ ದಾಟೋದರೊಳಗೆ ಕಟ್ಟಬೇಕಾ ಅಂದ್ರಿ. ಇಲ್ಲಿ ಪ್ರಶ್ನೆ ಅದಲ್ಲ, ಆದರೂ ಹೇಳ್ತೀನಿ: ಫೀಸಿನ ತಾರೀಕು ನೋಡಿ, ಅಂಕಿ ನೋಡಬೇಡಿ. ಕಾಲೇಜಿನವರು ಒಪ್ಪಿದರೆ ಎರಡು ಮೂರು ಕಂತಲ್ಲಿ ಕಳಿಸಿ. ನಾವೂ ಬಂದ ಡಾಲರನ್ನು ಒಂದೇ ದಿನ ಮಾರಲ್ಲ. 50,000 ಡಾಲರಿಗೆ ಫೆಬ್ರವರಿಯ ಆ ಎರಡು ದಿನದ ವ್ಯತ್ಯಾಸ 56,000 ರೂಪಾಯಿ. ರೈತರಿಗೆ ಕೊಡೋ ದುಡ್ಡು ಅದರ ಮೇಲೆ ನಿಂತಿರಬಾರದು. ಅದಕ್ಕೆ ಬಟವಾಡೆಗೆ ಬೇಕಾದಷ್ಟನ್ನು ಡಾಲರ್ ಬಂದ ದಿನವೇ ಮಾರಿ, ಮಿಕ್ಕಿದ್ದಕ್ಕೆ ಮಾತ್ರ ಜನ ಕಾಯುವ ಅಂಕಿಗಿಂತ ಸ್ವಲ್ಪ ಮುಂಚೆಯೇ ಆರ್ಡರ್ ಇಡ್ತೀವಿ, ಜನ 88 ಕಾಯ್ತಿದ್ದಾಗ 87.80, 87.90 ಹೀಗೆ.