ತಡವಾಗಿ ಬರುವ ಮಕ್ಕಳು: ಮಳೆಯ ಲೆಕ್ಕ ಬೇರೆ ಇಡಿ

"ಮಡಿಕೇರಿ ಹತ್ತಿರದ ಪ್ರೌಢಶಾಲೆ, ಒಂಬತ್ತನೇ ತರಗತಿ. ತಡವಾಗಿ ಬರುವವರ ಬಗ್ಗೆ ಕ್ರಿಯಾ ಸಂಶೋಧನೆಯ ಪ್ರಸ್ತಾವನೆ: ಜುಲೈಯಲ್ಲಿ ದಾಖಲೆ, ಸೆಪ್ಟೆಂಬರ್‌ನಲ್ಲಿ ಪರಿಹಾರ ಕ್ರಮ. ಸರಿಯೇ ಸರ್?"

ಎಡವುವುದು ಅಲ್ಲೇ ಮೇಡಂ. ಜುಲೈಯ ಜಡಿಮಳೆ ಸೆಪ್ಟೆಂಬರ್‌ಗೆ ಇಳಿದರೆ ತಡವೂ ತಾನಾಗಿ ಇಳಿಯುತ್ತದೆ, ಹೆಸರು ಮಾತ್ರ ನಿಮ್ಮ ಕ್ರಮಕ್ಕೆ. ತಿಂಗಳು ಬದಲಿಸಲಾಗದಿದ್ದರೆ ಎರಡೂ ತಿಂಗಳಲ್ಲಿ ಗೇಟಿನಲ್ಲಿ ಎರಡೆರಡು ವಾರ ಬರೆದಿಡಿ: ಎಷ್ಟು ನಿಮಿಷ ತಡ, ಬಸ್ಸೋ ನಡಿಗೆಯೋ. ಕ್ರಮ ನಡೆದು ಬರುವವರಿಗೆ ಮಾತ್ರ. ಬಸ್ಸಿನವರು ಹೋಲಿಕೆಗೆ, ಬಸ್ಸು ತಡವಾದರೆ ಮಗುವೇನು ಮಾಡೀತು?

ನಡೆದು ಬರುವವರು ತಡವಾದದ್ದು 30 ಸಲದಿಂದ 12ಕ್ಕೆ, ಬಸ್ಸಿನವರದು 20ರಿಂದ 10ಕ್ಕೆ ಇಳಿಯಿತೆನ್ನಿ. ಏನೂ ಮಾಡದಿದ್ದರೂ ಅರ್ಧ ಇಳಿದಿದೆ. ಹಾಗಾದರೆ 30 ಹೇಗೂ 15 ಆಗುತ್ತಿತ್ತು. ಈ ಲೆಕ್ಕದಲ್ಲಿ ನಿಮ್ಮ ಕ್ರಮದ ಪಾಲು 3 ಮಾತ್ರ. ಮಳೆಗೆ ಇಬ್ಬರೂ ಒಂದೇ ರೀತಿ ಸಿಕ್ಕಿಬೀಳುತ್ತಾರೆಂಬ ಊಹೆ ಇದರಲ್ಲಿದೆ, ಅದನ್ನು 'ಮಿತಿಗಳು' ಭಾಗದಲ್ಲಿ ಬರೆಯಿರಿ.