ಸ್ಕ್ಯಾನ್ ಸುತ್ತೋಲೆಯಿಂದ ಇಂಗ್ಲಿಷ್ ಕೆಲಸದ ಪಟ್ಟಿ

ಪ್ರಶ್ನೆ: ಮಂಗಳೂರಿನ ನಮ್ಮ ಆಫೀಸಿನಲ್ಲಿ ಅರ್ಧ ಜನ ಕೇರಳದವರು, ಕನ್ನಡ ಓದಲು ಬರುವುದಿಲ್ಲ. ಸ್ಕ್ಯಾನ್ ಆಗಿ ಬರುವ ಸರ್ಕಾರಿ ಸುತ್ತೋಲೆಯನ್ನು ಅವರಿಗೆ ಇಂಗ್ಲಿಷಿನಲ್ಲಿ ಚುಟುಕಾಗಿ ಹೇಗೆ ಕೊಡೋದು?

ಉತ್ತರ: ಇಡೀ ಪುಟ ಅನುವಾದ ಮಾಡಬೇಡಿ. ವಿಷಯ, ಉಲ್ಲೇಖ, ಪ್ರಸ್ತಾವನೆ ಒಮ್ಮೆ ಓದಿ ಸಾಕು. ಕೆಲಸ ಇರೋದು ‘ಈ ಹಿನ್ನೆಲೆಯಲ್ಲಿ’ ಅಂತ ಶುರುವಾಗುವ ಕಡೆಯ ಭಾಗದಲ್ಲಿ. ಅಲ್ಲಿ ‘ತಕ್ಕದ್ದು’, ‘ಸೂಚಿಸಿದೆ’, ‘ಸಲ್ಲಿಸುವುದು’ ಬಂದಲ್ಲೆಲ್ಲ ಪೆನ್ಸಿಲ್ ಗೆರೆ ಹಾಕಿ, ಒಂದೊಂದು ಗೆರೆಗೆ ಪಟ್ಟಿಯಲ್ಲಿ ಒಂದೊಂದು ಸಾಲು.

ಎಡವುವುದು ಹೆಚ್ಚಾಗಿ ತಾರೀಕಿನಲ್ಲಿ. ‘ಈ ಪತ್ರ ತಲುಪಿದ 7 ದಿನಗಳೊಳಗಾಗಿ ಸಿಬ್ಬಂದಿ ವಿವರ ಸಲ್ಲಿಸತಕ್ಕದ್ದು’ ಅಂತ ಇದೆ ಅಂದುಕೊಳ್ಳಿ. ಪತ್ರದ ತಲೆಯಲ್ಲಿ ಜೂನ್ 3, ನಿಮ್ಮ ಆವಕ ಮೊಹರಿನಲ್ಲಿ ಜೂನ್ 9. ಲೆಕ್ಕ 9ರಿಂದ, ಹಾಗಾಗಿ ಕೊನೆಯ ದಿನ 16. ‘7 ದಿನ’ ಅಂತ ಬಿಡದೆ ಆ ತಾರೀಕನ್ನೇ ಬರೆಯಿರಿ:

```
Accounts: send staff details by 16 June (para 4)
```

ಪ್ಯಾರಾ ನಂಬರ್ ಇದ್ದರೆ ಅನುಮಾನ ಬಂದವರು ಮೂಲಕ್ಕೆ ಹೋಗಿ ನೋಡಬಹುದು, ಅಲ್ವಾ.

ಟೈಪ್ ಮಾಡುವ ಶ್ರಮ ಉಳಿಯಲಿ ಅಂತ, ಸ್ಕ್ಯಾನ್ ಚಿತ್ರದಿಂದ ಅಕ್ಷರ ಎತ್ತಿಕೊಡುವ ಓಸಿಆರ್ ಬಳಸಿದರೆ ಅಂಕಿಗಳನ್ನು ಮಾತ್ರ ಸ್ಕ್ಯಾನ್ ಎದುರಿಗಿಟ್ಟು ಕಣ್ಣಾರೆ ನೋಡಿ, ಯಾಕೆಂದರೆ ೩ ಮತ್ತು ೬ ಅದಲು ಬದಲಾಗುತ್ತವೆ, ಸೊನ್ನೆ ಅನುಸ್ವಾರವಾಗಿಬಿಡುತ್ತದೆ, ಮೊಹರು ಬಿದ್ದ ಜಾಗವಂತೂ ಪೂರ್ತಿ ಕಲಸುಮೇಲೋಗರ. ಅಂಚಿನಲ್ಲಿ ಸಾಹೇಬರು ಕೈಯಲ್ಲಿ ಬರೆದ ಷರಾ ಅದಕ್ಕೆ ಸಿಗುವುದೇ ಕಷ್ಟ. ಕೆಲಸ ಯಾರಿಗೆ ಅಂತ ಇರೋದು ಎಷ್ಟೋ ಸಲ ಅಲ್ಲೇ.