ಹತ್ತಿ ಬೀಜದ ಕಂಪನಿಯ ಜೂನ್ ಲೆಕ್ಕಕ್ಕೆ ಆಡಿಟರ್ ಹಾಕಿದ ಸಹಿಯ ಹಿಂದೆ ಏನಿರುತ್ತದೆ

ಸಿಂಧನೂರಿನ ಸದಸ್ಯರ ಪ್ರಶ್ನೆ: "ನಾನು ಹತ್ತಿ ಬೀಜದ ಕಂಪನಿಯೊಂದರ ಷೇರು ತಗೊಂಡೀನಿ. ಜೂನ್‌ವರೆಗಿನ ಮೂರು ತಿಂಗಳ ಲೆಕ್ಕದಾಗ ಲಾಭ ಭಾರಿ ಬಂದೈತಿ. ಕೆಳಗ ಆಡಿಟರ್ 'ನಮ್ಮ ಗಮನಕ್ಕೆ ಏನೂ ಬಂದಿಲ್ಲ' ಅಂತ ಬರದಾರ. ಅವರು ಖರೇನ ನೋಡ್ಯಾರೋ, ಇಲ್ಲಾ ಕಂಪನಿಯವರು ಕೊಟ್ಟ ಹಾಳಿಗೆ ಸಹಿ ಹಾಕ್ಯಾರೋ?"

ಅಣ್ಣಾವರೇ, ನೋಡಿರುತ್ತಾರೆ, ಆದರೆ ನೀವು ಅಂದುಕೊಂಡಿರುವ ರೀತಿಯಲ್ಲಿ ಅಲ್ಲ. ಗೋದಾಮಿಗೆ ಹೋಗಿ ಪ್ಯಾಕೆಟ್ ಎಣಿಸಿರುವುದಿಲ್ಲ, ಡೀಲರುಗಳಿಗೆ ಬಾಕಿ ಎಷ್ಟೆಂದು ಪತ್ರ ಬರೆದು ಕೇಳಿರುವುದಿಲ್ಲ, ಬ್ಯಾಂಕಿನಿಂದ ದೃಢೀಕರಣ ತರಿಸಿರುವುದೂ ಇಲ್ಲ. ಅವರು ಮುಖ್ಯವಾಗಿ ಮಾಡಿರುವುದು ಎರಡೇ ಕೆಲಸ: ಕಂಪನಿಯವರನ್ನು ಪ್ರಶ್ನೆ ಕೇಳಿರುತ್ತಾರೆ ಮತ್ತು ಅಂಕಿಗೆ ಅಂಕಿ ಹಚ್ಚಿ ಹೋಲಿಸಿರುತ್ತಾರೆ. ಇದಕ್ಕೆ ಎಲ್ಲರೂ ಲಿಮಿಟೆಡ್ ರಿವ್ಯೂ ಎನ್ನುತ್ತಾರೆ. ಷೇರುಪೇಟೆಯಲ್ಲಿರುವ ಕಂಪನಿ ಮಾರ್ಚ್ ಬಿಟ್ಟು ಉಳಿದ ತ್ರೈಮಾಸಿಕ ಮುಗಿದ 45 ದಿನಗಳೊಳಗೆ ಲೆಕ್ಕ ಪ್ರಕಟಿಸಬೇಕು, ಅದು ಆಡಿಟ್ ಆಗದ ಲೆಕ್ಕವಾದರೆ ಜೊತೆಗೆ ಈ ರಿವ್ಯೂ ವರದಿ ಇರಬೇಕು ಎಂಬುದು ಸೆಬಿಯ 2015ರ ನಿಯಮಾವಳಿಯ 33ನೇ ನಿಯಮ. ರಿವ್ಯೂ ಹೇಗೆ ಮಾಡಬೇಕೆಂಬುದನ್ನು ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯ ಎಸ್‌ಆರ್‌ಇ 2410 ಎಂಬ ಮಾನದಂಡ ಹೇಳುತ್ತದೆ.

ಇದೇ ಪ್ರಶ್ನೆಗೆ ಕೊಪ್ಪಳದ ಗೆಳೆಯರೊಬ್ಬರು "ಆಡಿಟರ್ ಕಡತವನ್ನೇ ಮುಟ್ಟುವುದಿಲ್ಲ, ಬರೀ ಸಹಿ" ಎಂದು ಬರೆದಿದ್ದಾರೆ. ಅದು ಅರ್ಧ ಸರಿ. ಬಿಲ್ಲುಗಳನ್ನು ಒಂದೊಂದಾಗಿ ತೆಗೆದು ನೋಡುವುದಿಲ್ಲ ಎಂಬುದು ನಿಜ. ಆದರೆ ಪ್ರಕಟವಾಗುವ ಅಂಕಿಗಳು ಕಂಪನಿಯ ಲೆಕ್ಕದ ಪುಸ್ತಕಕ್ಕೆ ತಾಳೆಯಾಗುತ್ತವೆಯೇ ಎಂದು ನೋಡಲೇಬೇಕು, ಆಡಳಿತ ಮಂಡಳಿಯ ಸಭೆಗಳ ನಡಾವಳಿ ಓದಲೇಬೇಕು, ಕೊನೆಗೆ ಆಡಳಿತದವರಿಂದ ಲಿಖಿತ ಹೇಳಿಕೆ ಪಡೆಯಲೇಬೇಕು. ಮಾನ್ವಿಯ ಇನ್ನೊಬ್ಬ ಸದಸ್ಯರು ತಮ್ಮ ಸಹಕಾರ ಸಂಘದಲ್ಲಿ ಆಡಿಟರ್ ಗೊಬ್ಬರದ ಚೀಲಗಳನ್ನು ಎಣಿಸಿದ್ದನ್ನು ನೆನಪಿಸಿದ್ದಾರೆ. ಅದು ವರ್ಷದ ಆಡಿಟ್, ಇದರ ಜೊತೆ ಹೋಲಿಸಬೇಡಿ.

ಬೀಜದ ಕಂಪನಿಯ ಲೆಕ್ಕದಲ್ಲಿ ಪೆಟ್ಟು ಬೀಳುವ ಜಾಗ ಮರಳಿಕೆ, ಅಂದರೆ ಮಾರಾಟವಾಗದ ಬೀಜವನ್ನು ಡೀಲರುಗಳು ಕಂಪನಿಗೆ ವಾಪಸ್ ಕೊಡುವುದು. ನಾನು ಬಳ್ಳಾರಿಯ ಆಡಿಟ್ ಕಚೇರಿಯಲ್ಲಿ ಇಂಥ ರಿವ್ಯೂ ಕೆಲಸ ಮಾಡಿದವನು. ಆ ಕಂಪನಿಗಳ ವಿಷಯವನ್ನು ಇಲ್ಲಿ ಬರೆಯಲಾಗದು, ಹಾಗಾಗಿ ಕೆಳಗಿನ ಅಂಕಿಗಳನ್ನು ಲೆಕ್ಕ ಸುಲಭವಾಗಲೆಂದು ನಾನೇ ಇಟ್ಟಿದ್ದೇನೆ. 2025ರ ಜೂನ್‌ಗೆ ಮುಗಿದ ಮೂರು ತಿಂಗಳಲ್ಲಿ ಕಂಪನಿ ಡೀಲರುಗಳಿಗೆ ಬಿಲ್ ಮಾಡಿದ ಮಾಲು 300 ಕೋಟಿ, ಹಿಂದಿನ ವರ್ಷ ಇದೇ ಮೂರು ತಿಂಗಳಲ್ಲಿ 240 ಕೋಟಿ. ತೆರಿಗೆಗೆ ಮುಂಚಿನ ಲಾಭ 75 ಕೋಟಿ. ಮೊದಲ ಎಚ್ಚರಿಕೆ ಎಂದರೆ ಇದನ್ನು ಮಾರ್ಚ್ ತ್ರೈಮಾಸಿಕಕ್ಕೆ ಹೋಲಿಸಬಾರದು, ಏಕೆಂದರೆ ಹತ್ತಿ ಬೀಜ ಮಾರಾಟವಾಗುವುದೇ ಮುಂಗಾರಿಗೆ. ಹಿಂದಿನ ಮುಂಗಾರಿಗೇ ಹೋಲಿಸಬೇಕು.

ಶೇ 25ರಷ್ಟು ಏರಿದೆ ಎಂದು ಬರೆದುಕೊಂಡು ಮುಂದಿನ ಸಾಲಿಗೆ ಹೋದರೆ ಅದು ಹೋಲಿಕೆಯಾಗುವುದಿಲ್ಲ. ಎಷ್ಟು ಏರಬೇಕಿತ್ತು ಎಂದು ಆಡಿಟರ್ ತಾನೇ ಮೊದಲು ಅಂದಾಜು ಮಾಡಿಕೊಂಡಿರಬೇಕು. ಬಿಟಿ ಹತ್ತಿ ಬೀಜಕ್ಕೆ ಕೇಂದ್ರ ಸರ್ಕಾರವೇ ಗರಿಷ್ಠ ಬೆಲೆ ಕಟ್ಟುವುದರಿಂದ ಇಲ್ಲಿ ಆ ಅಂದಾಜು ಸುಲಭ. ಬಿಜಿ-2 ಪ್ಯಾಕೆಟ್ಟಿಗೆ 2024-25ರಲ್ಲಿ 864 ರೂಪಾಯಿ ಇದ್ದದ್ದು 2025-26ಕ್ಕೆ 901 ಆಯಿತು, ಅಂದರೆ ಶೇ 4ರ ಆಸುಪಾಸು. ಕಂಪನಿ ಡೀಲರಿಗೆ ಕೊಡುವ ಬೆಲೆ ಇದಕ್ಕಿಂತ ಕಡಿಮೆ ಇದ್ದರೂ ಏರಿಕೆಯ ಪ್ರಮಾಣ ಹೆಚ್ಚು ಕಡಿಮೆ ಇಷ್ಟೇ ಇರುತ್ತದೆ ಎಂದಿಟ್ಟುಕೊಂಡರೆ, ಉಳಿದ ಏರಿಕೆ ಪ್ಯಾಕೆಟ್ಟುಗಳ ಸಂಖ್ಯೆಯಿಂದಲೇ ಬಂದಿರಬೇಕು. ಅಂದರೆ ಹಿಂದಿನ ಸಲಕ್ಕಿಂತ ಸುಮಾರು ಶೇ 20ರಷ್ಟು ಹೆಚ್ಚು ಪ್ಯಾಕೆಟ್ಟುಗಳು ಹೊರಗೆ ಹೋಗಿರಬೇಕು. ಹಾಗಾದರೆ ಅಷ್ಟು ಹೆಚ್ಚು ಹೊಲದಲ್ಲಿ ಹತ್ತಿ ಬಿತ್ತನೆಯಾಗಿದೆಯೇ, ಬೇರೆ ಕಂಪನಿಯ ಗಿರಾಕಿಗಳು ಇವರ ಕಡೆ ಬಂದರೇ, ಇಲ್ಲವೇ ಪ್ಯಾಕೆಟ್ಟುಗಳು ಡೀಲರರ ಅಂಗಡಿಯಲ್ಲೇ ಕುಳಿತಿವೆಯೇ ಎಂಬ ಪ್ರಶ್ನೆ ಏಳುತ್ತದೆ.

ಇದರ ಜೊತೆ ಇನ್ನೆರಡು ಅಂಕಿಗಳನ್ನು ಇಟ್ಟು ನೋಡಬೇಕು. ಜೂನ್ ಕೊನೆಗೆ ಡೀಲರುಗಳಿಂದ ಬರಬೇಕಾದ ಬಾಕಿ ಹಿಂದಿನ ವರ್ಷ 132 ಕೋಟಿ ಇದ್ದದ್ದು ಈ ವರ್ಷ 210 ಕೋಟಿಯಾಗಿದೆ. ಬಿಲ್ ಮಾಡಿದ 100 ರೂಪಾಯಿಯಲ್ಲಿ ಹಿಂದಿನ ಸಲ 55 ರೂಪಾಯಿ ಬಾಕಿ ಇತ್ತು, ಈ ಸಲ 70 ರೂಪಾಯಿ ಬಾಕಿ ಇದೆ. ಎರಡನೆಯದು, ಮಾರಾಟವಾಗದೆ ಮರಳಿ ಬರಬಹುದಾದ ಬೀಜಕ್ಕೆಂದು ಕಂಪನಿ ಎರಡೂ ವರ್ಷ 24 ಕೋಟಿಯನ್ನೇ ತೆಗೆದಿಟ್ಟಿದೆ. ಮಾಲು ಮರಳಿಸುವ ಹಕ್ಕು ಡೀಲರಿಗಿದ್ದರೆ, ಮರಳಿ ಬರುವುದೆಂದು ಅಂದಾಜಾಗುವ ಭಾಗವನ್ನು ಮಾರಾಟವೆಂದು ತೋರಿಸುವಂತಿಲ್ಲ. ಮಾರಾಟ ಏರಿ, ಬಾಕಿ ಅದಕ್ಕಿಂತ ಹೆಚ್ಚು ಏರಿ, ಮರಳಿಕೆಯ ಅಂದಾಜು ಮಾತ್ರ ನಿಂತಲ್ಲೇ ನಿಂತಿದೆ ಎಂದರೆ ಈ ಮೂರು ಒಂದಕ್ಕೊಂದು ಹೊಂದುವುದಿಲ್ಲ. ಒಂದೊಂದನ್ನೇ ಬೇರೆಯಾಗಿ ನೋಡಿದ್ದರೆ ಇದು ಕಣ್ಣಿಗೆ ಬೀಳುತ್ತಿರಲಿಲ್ಲ.

ಇಲ್ಲಿಂದ ಪ್ರಶ್ನೆ ಕೇಳುವ ಕೆಲಸ ಶುರುವಾಗುತ್ತದೆ. "ಮರಳಿಕೆಯ ಅಂದಾಜು ಸರಿಯಾಗಿದೆಯೇ?" ಎಂದು ಲೆಕ್ಕ ವಿಭಾಗದ ಮುಖ್ಯಸ್ಥರನ್ನು ಕೇಳಿದರೆ "ಸರಿಯಾಗಿದೆ" ಎಂದೇ ಉತ್ತರ ಬರುತ್ತದೆ. "ಹಿಂದಿನ ವರ್ಷ 24 ಕೋಟಿ ತೆಗೆದಿಟ್ಟಿರಿ, ಆಮೇಲೆ ನಿಜವಾಗಿ ಎಷ್ಟು ಮರಳಿ ಬಂತು?" ಎಂದು ಕೇಳಬೇಕು. 31 ಕೋಟಿ ಎಂದಿಟ್ಟುಕೊಳ್ಳೋಣ, ಅಂದರೆ ಆಗ ಬಿಲ್ ಮಾಡಿದ 240 ಕೋಟಿಯಲ್ಲಿ ಸುಮಾರು ಶೇ 13. ಆಮೇಲೆ ಮಾರಾಟ ವಿಭಾಗದವರನ್ನು, ಸಾಧ್ಯವಾದರೆ ಲೆಕ್ಕದವರು ಪಕ್ಕದಲ್ಲಿ ಇಲ್ಲದಾಗ, "ಈ ಸಲ ಡೀಲರುಗಳಿಗೆ ಏನು ಸ್ಕೀಮ್ ಕೊಟ್ಟಿರಿ?" ಎಂದು ಕೇಳಬೇಕು. ಮಾರಾಟದವರಿಗೆ ತಮ್ಮ ಸ್ಕೀಮಿನ ಬಗ್ಗೆ ಹೆಮ್ಮೆ ಇರುತ್ತದೆ, ಮುಚ್ಚಿಡುವ ಯೋಚನೆಯೇ ಅವರಿಗೆ ಬರುವುದಿಲ್ಲ. ಉದ್ರಿಯ ಅವಧಿಯನ್ನು 60 ದಿನದಿಂದ 120 ದಿನಕ್ಕೆ ಹೆಚ್ಚಿಸಿದೆವು, ಮಾಲು ಮರಳಿಸುವ ಕೊನೆಯ ದಿನವನ್ನು ಆಗಸ್ಟ್‌ನಿಂದ ಸೆಪ್ಟೆಂಬರ್ ಕೊನೆಗೆ ತಳ್ಳಿದೆವು ಎಂದು ಸುತ್ತೋಲೆಯನ್ನೇ ತೆಗೆದು ತೋರಿಸುತ್ತಾರೆ. ಆ ಒಂದು ಹಾಳೆಯಲ್ಲಿ ಬಾಕಿ ಏಕೆ ಏರಿತು, ಮಾರಾಟ ಏಕೆ ಏರಿತು ಎಂಬ ಎರಡಕ್ಕೂ ಉತ್ತರ ಸಿಗುತ್ತದೆ. ಲೆಕ್ಕದವರ ಕೈಗೆ ಆ ಸುತ್ತೋಲೆ ಬಂದೇ ಇರಲಿಲ್ಲ ಎಂಬುದೂ ಕೆಲವೊಮ್ಮೆ ನಿಜವೇ ಆಗಿರುತ್ತದೆ.

ರಿವ್ಯೂದಲ್ಲಿ ಸಿಕ್ಕ ಉತ್ತರಕ್ಕೆಲ್ಲ ಸಾಕ್ಷಿ ಹುಡುಕುತ್ತ ಹೋಗುವುದು ಸಾಮಾನ್ಯವಾಗಿ ಕಡ್ಡಾಯವಲ್ಲ. ಆದರೆ ಲೆಕ್ಕದಲ್ಲಿ ದೊಡ್ಡ ತಿದ್ದುಪಡಿ ಬೇಕೇನೋ ಎಂಬ ಅನುಮಾನಕ್ಕೆ ಎಡೆಯಾಗುವ ಸಂಗತಿ ಕಂಡ ಮೇಲೆ ಸುಮ್ಮನೆ ಕೂರುವಂತಿಲ್ಲ, ಇನ್ನಷ್ಟು ಕೇಳಿ ಇನ್ನಷ್ಟು ನೋಡಬೇಕು. ಜೂನ್ ಲೆಕ್ಕಕ್ಕೆ ಸಹಿ ಬೀಳುವುದು ಆಗಸ್ಟ್ 14ರೊಳಗೆ. ಅಷ್ಟು ಹೊತ್ತಿಗೆ ಜುಲೈ ತಿಂಗಳು ಪೂರ್ತಿ ಕಳೆದಿರುತ್ತದೆ, ನಮ್ಮ ರಾಯಚೂರು ಕಡೆ ಮಳೆ ಹೇಗಾಯಿತು, ಎರಡನೇ ಸಲ ಬಿತ್ತಿದರೋ ಇಲ್ಲವೋ ಎಂಬುದು ಗೊತ್ತಾಗಿರುತ್ತದೆ. ಜುಲೈನಲ್ಲಿ ಮರಳಿ ಬಂದ ಬೀಜದ ಪಟ್ಟಿ ತರಿಸಿ ಹಿಂದಿನ ಜುಲೈ ಜೊತೆ ಇಟ್ಟು ನೋಡಿದರೆ, ಅಂದಾಜಿಗೆ ಅದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಈಗ ಲೆಕ್ಕ ಹಾಕಿ. ಹಿಂದಿನ ವರ್ಷದ ಶೇ 13ರಂತೆ ಹಿಡಿದರೂ 300 ಕೋಟಿಗೆ 39 ಕೋಟಿ ತೆಗೆದಿಡಬೇಕು, ಇಟ್ಟಿರುವುದು 24, ಕೊರತೆ 15 ಕೋಟಿ. ಲಾಭ ಅಷ್ಟೂ ಇಳಿಯುತ್ತದೆ ಎಂದಲ್ಲ, ಏಕೆಂದರೆ ಮರಳಿದ ಬೀಜ ಕಂಪನಿಯ ದಾಸ್ತಾನಿಗೆ ಸೇರುತ್ತದೆ. ಬೀಜದ ವೆಚ್ಚ ಮಾರಾಟ ಬೆಲೆಯ ಶೇ 60 ಎಂದಾದರೆ ಲಾಭಕ್ಕೆ ಬೀಳುವ ಪೆಟ್ಟು 6 ಕೋಟಿ. ಆದರೆ ಆ ಬೀಜ ಮುಂದಿನ ಹಂಗಾಮಿಗೆ ಮೊಳಕೆ ಪರೀಕ್ಷೆಯಲ್ಲಿ ಪಾಸಾಗಬೇಕು. ಆಗದಿದ್ದರೆ ಆ ದಾಸ್ತಾನಿಗೆ ಬೆಲೆ ಉಳಿಯುವುದಿಲ್ಲ, ಆಗ ಪೆಟ್ಟು 15 ಕೋಟಿಯ ಹತ್ತಿರಕ್ಕೆ ಹೋಗುತ್ತದೆ. 75 ಕೋಟಿ ಲಾಭದ ಎದುರು 6 ಕೋಟಿಯನ್ನು ದೊಡ್ಡ ತಪ್ಪೆನ್ನಬೇಕೇ ಎಂಬುದರಲ್ಲಿ ಇಬ್ಬರು ಆಡಿಟರುಗಳ ನಡುವೆ ಭಿನ್ನಾಭಿಪ್ರಾಯ ಬರಬಹುದು. 15 ಕೋಟಿಯ ವಿಷಯದಲ್ಲಿ ಬರಲಾರದು. ನಡುವೆ ಎಲ್ಲಿ ನಿಲ್ಲಬೇಕೆಂಬುದಕ್ಕೆ ಮಾನದಂಡದಲ್ಲಿ ಶೇಕಡಾವಾರು ಗೆರೆ ಎಳೆದಿಲ್ಲ, ಸಂಜೆ ಕಚೇರಿಯಲ್ಲಿ ವಾದ ನಡೆಯುವುದು ಇದರ ಮೇಲೆಯೇ.

ವರ್ಷ ಮುಗಿಯುವಷ್ಟರಲ್ಲಿ ಮರಳಿಕೆ ಎಲ್ಲ ಬಂದು ಲೆಕ್ಕ ತಾನೇ ಸರಿಹೋಗುತ್ತದೆ, ಈಗ ಏಕೆ ತಕರಾರು ಎಂದು ಕಂಪನಿಯವರು ಹೇಳುವುದುಂಟು. ಅದನ್ನು ಒಪ್ಪುವಂತಿಲ್ಲ. ಮಧ್ಯಂತರ ಲೆಕ್ಕದ ಮಾನದಂಡವಾದ ಇಂಡ್ ಎಎಸ್ 34ರ ಪ್ರಕಾರ ವಾರ್ಷಿಕ ಲೆಕ್ಕಕ್ಕೆ ಇರುವ ನೀತಿಯೇ ಮೂರು ತಿಂಗಳ ಲೆಕ್ಕಕ್ಕೂ ಇರಬೇಕು. ಅಂದಾಜಿನ ಪಾಲು ಹೆಚ್ಚಿರಬಹುದು, ಆದರೆ ಮಾರ್ಚ್ ಕೊನೆಯಲ್ಲಿ ತೆಗೆದಿಡಬೇಕಾದುದನ್ನು ಜೂನ್ ಕೊನೆಯಲ್ಲಿ ಬಿಡುವಂತಿಲ್ಲ.

ಕಂಪನಿ ಮಾತು ಕೇಳಿ ಅಂಕಿ ತಿದ್ದಿದರೆ, ನಿಮಗೆ ಕಾಣುವ ವರದಿಯಲ್ಲಿ ಅದೇ "ಗಮನಕ್ಕೆ ಏನೂ ಬಂದಿಲ್ಲ" ಎಂಬ ಸಾಲಿರುತ್ತದೆ, ಒಳಗೆ ನಡೆದ ಜಗ್ಗಾಟದ ಸುಳಿವೂ ಸಿಗುವುದಿಲ್ಲ. ಏನನ್ನೂ ಸರಿಯಾಗಿ ಕೇಳದ ಆಡಿಟರ್ ಬರೆಯುವುದೂ ಅದೇ ಸಾಲು. ಕಂಪನಿ ತಿದ್ದಲು ಒಪ್ಪದಿದ್ದರೆ ಮಾತ್ರ ವರದಿಯ ಮಾತು ಬದಲಾಗುತ್ತದೆ, ಇಂಥ ವಿಷಯವನ್ನು "ಹೊರತುಪಡಿಸಿ" ಎಂಬ ಷರತ್ತು ಅದರಲ್ಲಿ ಸೇರುತ್ತದೆ. ಹಾಗಾಗಿ ನಿಮ್ಮ ಕಂಪನಿಯ ಆಡಿಟರ್ ಇಷ್ಟೆಲ್ಲ ಕೇಳಿದರೋ ಇಲ್ಲವೋ ಎಂದು ಆ ಒಂದು ಸಾಲು ನೋಡಿ ನಾನು ಹೇಳಲಾರೆ. ನಕಲಿ ಬಿಲ್ ಮಾಡಿ ಎಲ್ಲರೂ ಒಂದೇ ಮಾತು ಹೇಳುವಂತೆ ಹೊಂದಿಸಿಟ್ಟಿದ್ದರೆ, ಪ್ರಶ್ನೆ ಮತ್ತು ಹೋಲಿಕೆಯಿಂದ ಅದು ಸಿಕ್ಕೇ ಸಿಗುತ್ತದೆ ಎಂಬ ಭರವಸೆಯೂ ಇಲ್ಲ.

ನೀವು ಮಾಡಬಹುದಾದ ಕೆಲಸ ಒಂದಿದೆ. ಜೂನ್ ತ್ರೈಮಾಸಿಕದ ಜೊತೆ ಆಸ್ತಿ ಮತ್ತು ಹೊಣೆಗಾರಿಕೆಯ ಪಟ್ಟಿಯನ್ನು ಪ್ರಕಟಿಸುವುದು ಕಡ್ಡಾಯವಲ್ಲ, ಆದ್ದರಿಂದ ಡೀಲರುಗಳ ಬಾಕಿ ಆಡಿಟರ್‌ಗೆ ಕಂಡರೂ ನಿಮಗೆ ಕಾಣುವುದಿಲ್ಲ. ಆ ಪಟ್ಟಿ ಬರುವುದು ಅರ್ಧ ವರ್ಷಕ್ಕೊಮ್ಮೆ. ನವೆಂಬರ್ 14ರೊಳಗೆ ಸೆಪ್ಟೆಂಬರ್ ಲೆಕ್ಕ ಬಂದಾಗ ಮೂರು ತಿಂಗಳ ಕಂಬಸಾಲನ್ನು ಬಿಟ್ಟು ಆರು ತಿಂಗಳ ಕಂಬಸಾಲನ್ನು ಹಿಂದಿನ ವರ್ಷದ ಆರು ತಿಂಗಳ ಜೊತೆ ಇಟ್ಟು ನೋಡಿ, ಆಮೇಲೆ ಬಾಕಿಯ ಸಾಲನ್ನು ನೋಡಿ. ಸೆಪ್ಟೆಂಬರ್ ಮೂರು ತಿಂಗಳ ಮಾರಾಟ ಹಿಂದಿನ ಸಲಕ್ಕಿಂತ ತೀರಾ ಕುಗ್ಗಿದ್ದು, ಆರು ತಿಂಗಳ ಏರಿಕೆ ಕರಗಿ ಹೋಗಿದ್ದರೆ, ಜೂನ್‌ನಲ್ಲಿ ಬಿಲ್ ಮಾಡಿದ ಮಾಲಿನಲ್ಲಿ ಒಂದು ಭಾಗ ಮರಳಿ ಬಂದಿದೆ ಎಂದು ಅನುಮಾನಿಸಲು ಕಾರಣವಿದೆ. ಆಗ ಫಲಿತಾಂಶದ ಕೆಳಗಿನ ಟಿಪ್ಪಣಿಗಳನ್ನು ಇಲ್ಲಿ ಹಾಕಿ, ಕೂಡಿ ಓದೋಣ.